ಸಣ್ಣ ಬಿಸಿನೆಸ್ ಪ್ಲಾನ್‌ನಲ್ಲಿ ಜಿಎಸ್‌ಟಿ, ಲೈಸೆನ್ಸ್, ರಿಟರ್ನ್ಸ್ ಹೆಂಗೆ ಬರೀಬೇಕು: ಒಂದು ಸಾಂಬಾರ್ ಪುಡಿ ಘಟಕದ ಲೆಕ್ಕ

ಬ್ಯಾಂಕಿಗೆ ಕೊಡೋ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನ ತೆಗೆದು ನೋಡಿ, ಮಿಷಿನ್‌ಗೆ ಎಷ್ಟು, ಬಾಡಿಗೆಗೆ ಎಷ್ಟು, ತಿಂಗಳಿಗೆ ಸೇಲ್ಸ್ ಎಷ್ಟು ಅಂತ ಪುಟಗಟ್ಟಲೆ ಇರುತ್ತೆ, ಲೈಸೆನ್ಸ್ ಅನ್ನೋ ಜಾಗದಲ್ಲಿ ಮಾತ್ರ ಒಂದೇ ಸಾಲು, "ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ, ಟ್ರೇಡ್ ಲೈಸೆನ್ಸ್ ಇತ್ಯಾದಿ ಪಡೆಯಲಾಗುವುದು". ಆ ಸಾಲಿಂದ ಯಾರಿಗೂ ಏನೂ ಉಪಯೋಗ ಇಲ್ಲ. ಯಾಕಂದ್ರೆ ಈ ರಿಜಿಸ್ಟ್ರೇಷನ್‌ಗಳೆಲ್ಲ ಒಂದೇ ದಿನ ಬೇಕಾಗಲ್ಲ, ಕೆಲವು ಬಾಗಿಲು ತೆಗೆಯೋ ಮುಂಚೆ ಬೇಕು, ಕೆಲವು ವ್ಯಾಪಾರ ಒಂದು ಗೆರೆ ದಾಟಿದಾಗ ಬೇಕು, ಇನ್ನು ಕೆಲವು ನೀವು ಯಾರಿಗೆ ಮಾರ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಹಾಗಾಗಿ ಪ್ಲಾನ್‌ನಲ್ಲಿ ಪ್ರತಿಯೊಂದರ ಮುಂದೆ ಇದನ್ನ ಏನು ಶುರು ಮಾಡಿಸುತ್ತೆ, ಸಿಕ್ಕಿದ ಮೇಲೆ ಏನೇನು ಫೈಲ್ ಮಾಡ್ತಾ ಇರಬೇಕು ಅನ್ನೋ ಎರಡು ವಿಷಯ ಬರೀಲೇಬೇಕು, ಎರಡನೇದನ್ನ ಜನ ಪೂರ್ತಿ ಬಿಟ್ಟೇಬಿಡ್ತಾರೆ.

ಸುಮ್ನೆ ಹೇಳಿದ್ರೆ ಅರ್ಥ ಆಗಲ್ಲ, ಒಂದು ಕೇಸ್ ತಗೊಳ್ಳೋಣ. ತುಮಕೂರಲ್ಲಿ ಒಬ್ಬ ಅಕ್ಕ ಸಾಂಬಾರ್ ಪುಡಿ, ರಸಂ ಪುಡಿ ಮಾಡಿ ಪ್ಯಾಕೆಟ್‌ನಲ್ಲಿ ಮಾರೋಕೆ ಶುರು ಮಾಡ್ತಾರೆ ಅಂತ ಇಟ್ಕೊಳ್ಳಿ. ತಿಂಗಳಿಗೆ 15 ಸಾವಿರ ಬಾಡಿಗೆಗೆ ಒಂದು ಸಣ್ಣ ಶೆಡ್ ಹಿಡಿದಿದ್ದಾರೆ, ಒಂದು ಗ್ರೈಂಡರ್, ಒಂದು ಸೀಲಿಂಗ್ ಮಿಷಿನ್, ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಇಬ್ಬರು ಕೆಲಸದವರು. ಪುಡಿ ಮಾರಾಟ ತಿಂಗಳಿಗೆ 2 ಲಕ್ಷ ಆಗಬಹುದು ಅಂತ ಅಂದಾಜು. ಜೊತೆಗೆ ಅಕ್ಕಪಕ್ಕದ ಮನೆಗಳಲ್ಲಿ ಹೆಂಗಸರು ಮಾಡೋ ಹಪ್ಪಳ ತಗೊಂಡು ಪ್ಯಾಕ್ ಮಾಡಿ ಮಾರ್ತಾರೆ, ಅದು ತಿಂಗಳಿಗೆ 60 ಸಾವಿರ. ಮಿಷಿನ್ ಖಾಲಿ ಇರೋ ಹೊತ್ತಲ್ಲಿ ಜನ ತಂದುಕೊಡೋ ಮೆಣಸಿನಕಾಯಿ, ಧನಿಯಾ ಪುಡಿ ಮಾಡಿಕೊಟ್ಟು ಕೂಲಿ ತಗೊಳ್ತಾರೆ, ಅದು 15 ಸಾವಿರ. ಒಟ್ಟು ತಿಂಗಳಿಗೆ 2 ಲಕ್ಷ 75 ಸಾವಿರ, ವರ್ಷಕ್ಕೆ 33 ಲಕ್ಷ. ಸ್ವಂತ ಹೆಸರಲ್ಲೇ ನಡೆಸೋ ಪ್ರೊಪ್ರೈಟರ್‌ಶಿಪ್, ಪಾರ್ಟ್ನರ್ ಯಾರೂ ಇಲ್ಲ, ಹಾಗಾಗಿ ಬಿಸಿನೆಸ್ಸಿಗೆ ಬೇರೆ ಪ್ಯಾನ್ ಇರಲ್ಲ, ಅವರ ಪ್ಯಾನೇ ಬಿಸಿನೆಸ್ ಪ್ಯಾನ್.

ಎಲ್ಲರ ತಲೇಲಿ ಮೊದಲು ಬರೋದು ಜಿಎಸ್‌ಟಿನೇ, ಅದನ್ನೇ ಮೊದಲು ಬಿಡಿಸೋಣ. ಕರ್ನಾಟಕದಲ್ಲಿ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ್ರೆ ರಿಜಿಸ್ಟ್ರೇಷನ್ ಅಂತ ಎಲ್ಲರಿಗೂ ಗೊತ್ತು. ಈ ಅಕ್ಕ 33 ಲಕ್ಷ ನೋಡಿ, 40 ಒಳಗೆ ಇದೀನಿ, ಜಿಎಸ್‌ಟಿ ಬೇಡ ಅಂತ ಪ್ಲಾನ್‌ನಲ್ಲಿ ಬರೆದುಬಿಡ್ತಾರೆ. ಅದು ತಪ್ಪು ಲೆಕ್ಕ. ಆ 40 ಲಕ್ಷದ ಗೆರೆ ಇರೋದು ಬರೀ ಸರಕು ಮಾತ್ರ ಮಾರೋರಿಗೆ. ಇವರು ಬೇರೆಯವರ ಮೆಣಸಿನಕಾಯಿ ಪುಡಿ ಮಾಡಿಕೊಟ್ಟು ಕೂಲಿ ತಗೊಳ್ತಾ ಇದ್ದಾರಲ್ಲ, ಅದು ಸರಕು ಅಲ್ಲ, ಸೇವೆ, ಅದು ತಿಂಗಳಿಗೆ 15 ಸಾವಿರನೇ ಇರಲಿ, ಸೇವೆ ಸೇರಿದ ತಕ್ಷಣ ಇವರ ಗೆರೆ 20 ಲಕ್ಷಕ್ಕೆ ಇಳಿಯುತ್ತೆ. ಮತ್ತೆ ಆ 20 ಲಕ್ಷಕ್ಕೆ ಎಣಿಸೋದು ಕೂಲಿ ಮಾತ್ರ ಅಲ್ಲ, ಪುಡಿ, ಹಪ್ಪಳ, ಕೂಲಿ ಎಲ್ಲಾ ಸೇರಿ ಬರೋ ಒಟ್ಟು ವಹಿವಾಟು. ಏಪ್ರಿಲ್‌ನಲ್ಲಿ ಶುರು ಮಾಡಿದ್ರು ಅಂದ್ರೆ ಅಕ್ಟೋಬರ್ ಕೊನೆಗೆ 19 ಲಕ್ಷ 25 ಸಾವಿರ ಆಗಿರುತ್ತೆ, ನವೆಂಬರ್‌ನಲ್ಲಿ 20 ದಾಟುತ್ತೆ, ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು.

ಇಲ್ಲಿ ಹಪ್ಪಳದ ವಿಷಯ ಇನ್ನೊಂದು ಗೊಂದಲ ಮಾಡುತ್ತೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಸೊನ್ನೆ. ಬರೀ ಹಪ್ಪಳ ಮಾತ್ರ ಮಾರ್ತಾ ಇದ್ರೆ, ಎಷ್ಟೇ ಮಾರಿದ್ರೂ ರಿಜಿಸ್ಟ್ರೇಷನ್ ಬೇಕಿಲ್ಲ. ಆದ್ರೆ ಪುಡಿ ಜೊತೆ ಹಪ್ಪಳನೂ ಮಾರಿದ್ರೆ ಗೆರೆ ದಾಟಿದ್ರಾ ಇಲ್ವಾ ಅಂತ ನೋಡೋವಾಗ ಹಪ್ಪಳದ ದುಡ್ಡನ್ನೂ ಸೇರಿಸಿಯೇ ಎಣಿಸ್ತಾರೆ. ಟ್ಯಾಕ್ಸ್ ಇಲ್ಲದ ಮಾಲು ಅಂದ ಮಾತ್ರಕ್ಕೆ ಲೆಕ್ಕದಿಂದ ಹೊರಗೆ ಅಲ್ಲ. ಎಣಿಸೋದು ಪ್ಯಾನ್ ಮೇಲೆ, ಅಂದ್ರೆ ಅದೇ ಅಕ್ಕ ಅದೇ ಪ್ಯಾನ್‌ನಲ್ಲಿ ಇನ್ನೊಂದು ಊರಲ್ಲಿ ಟೈಲರಿಂಗ್ ಅಂಗಡಿನೂ ಇಟ್ಟಿದ್ರೆ ಅದೂ ಇದಕ್ಕೇ ಸೇರುತ್ತೆ.

ಈಗ ಪ್ಲಾನ್ ಬರೆಯೋ ಹಂತದಲ್ಲೇ ಇದು ಗೊತ್ತಾದ್ರೆ ಏನು ಲಾಭ ಅಂದ್ರೆ ಒಂದು ನಿರ್ಧಾರ ಕೈಯಲ್ಲಿ ಇರುತ್ತೆ. ಕೂಲಿ ಕೆಲಸ ಬಿಟ್ರೆ ವರ್ಷಕ್ಕೆ 1 ಲಕ್ಷ 80 ಸಾವಿರ ಆದಾಯ ಹೋಗುತ್ತೆ ಸರಿ, ಆದ್ರೆ ಆವಾಗ ಬರೀ ಸರಕಿನ ವ್ಯಾಪಾರ ಆಗುತ್ತೆ, ವರ್ಷದ ವಹಿವಾಟು 31 ಲಕ್ಷ 20 ಸಾವಿರ, ಗೆರೆ 40 ಲಕ್ಷ, ಮೊದಲ ವರ್ಷ ಜಿಎಸ್‌ಟಿ ಗೋಜೇ ಇರಲ್ಲ. ಕೂಲಿ ಇಟ್ಕೊಂಡ್ರೆ ನವೆಂಬರ್‌ನಿಂದ ಜಿಎಸ್‌ಟಿ ಗ್ಯಾರಂಟಿ. ಯಾವುದು ಸರಿ ಅಂತ ನಾನು ಹೇಳಲ್ಲ, ಕೂಲಿಗೆ ಬರೋ ಜನನೇ ಪುಡಿ ಗಿರಾಕಿನೂ ಆಗ್ತಾರೆ ಅಂದ್ರೆ ಬಿಡೋದು ಲಾಸೇ ಆಗಬಹುದು, ಆದ್ರೆ ಗೊತ್ತಿದ್ದು ಮಾಡೋದು ಬೇರೆ, ಡಿಸೆಂಬರ್ ಕಳೆದ ಮೇಲೆ ಆಡಿಟರ್ ಹೇಳಿದಾಗ ಗೊತ್ತಾಗೋದು ಬೇರೆ.

ಇನ್ನೊಂದು ಗೆರೆ ದುಡ್ಡಿಗೆ ಸಂಬಂಧನೇ ಇಲ್ಲದ್ದು. ಹೈದರಾಬಾದಿನ ಒಂದು ಅಂಗಡಿಯಿಂದ 5 ಸಾವಿರ ರೂಪಾಯಿ ಆರ್ಡರ್ ಬಂತು, ಪಾರ್ಸಲ್ ಕಳಿಸಿದ್ರಿ ಅಂದ್ರೆ ಅದು ಹೊರ ರಾಜ್ಯಕ್ಕೆ ಸರಕು ಮಾರಾಟ, ಅದಕ್ಕೆ 40 ಲಕ್ಷ 20 ಲಕ್ಷ ಯಾವ ಮಿತಿನೂ ಇಲ್ಲ, ಮೊದಲ ಪ್ಯಾಕೆಟ್‌ಗೇ ರಿಜಿಸ್ಟ್ರೇಷನ್ ಬೇಕು. ವಾಟ್ಸಾಪ್ ಇನ್‌ಸ್ಟಾಗ್ರಾಂನಲ್ಲಿ ಆರ್ಡರ್ ತಗೊಂಡು ಚೆನ್ನೈ, ಪುಣೆಗೆ ಕೊರಿಯರ್ ಮಾಡೋರು ಎಷ್ಟೊಂದು ಜನ ಇದ್ದಾರೆ, ಬಹಳಷ್ಟು ಜನಕ್ಕೆ ಇದು ಗೊತ್ತೇ ಇಲ್ಲ. ಆನ್‌ಲೈನ್ ಪ್ಲಾಟ್‌ಫಾರ್ಮ್ ಮೂಲಕ ಮಾರೋದಾದ್ರೆ ಮಾತ್ರ ಸ್ವಲ್ಪ ಸಡಿಲಿಕೆ ಇದೆ, ಅಕ್ಟೋಬರ್ 1, 2023ರಿಂದ ಮಿತಿ ಒಳಗಿರೋ ಸಣ್ಣ ವ್ಯಾಪಾರಿ ಜಿಎಸ್‌ಟಿ ಇಲ್ಲದೇನೂ ಪ್ಲಾಟ್‌ಫಾರ್ಮ್‌ನಲ್ಲಿ ಸರಕು ಮಾರಬಹುದು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೋಬೇಕು, ಆದ್ರೆ ಮಾಲು ತಮ್ಮ ರಾಜ್ಯದ ಒಳಗೇ ಹೋಗಬೇಕು. ಹಾಗಾಗಿ ಪ್ಲಾನ್‌ನ ಮಾರ್ಕೆಟಿಂಗ್ ಭಾಗದಲ್ಲಿ "ಎರಡನೇ ವರ್ಷದಿಂದ ಹೈದರಾಬಾದ್, ಚೆನ್ನೈ" ಅಂತ ಬರೆದಿದ್ರೆ ಲೈಸೆನ್ಸ್ ಭಾಗದಲ್ಲಿ ಅದೇ ದಿನಕ್ಕೆ ಜಿಎಸ್‌ಟಿ ಇರಬೇಕು. ಎರಡೂ ಹೊಂದದೇ ಇದ್ರೆ ಪ್ಲಾನ್ ಓದೋ ಬ್ಯಾಂಕ್ ಮ್ಯಾನೇಜರ್‌ಗೆ ತಕ್ಷಣ ಗೊತ್ತಾಗುತ್ತೆ.

2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಎಲ್ಲರಿಗೂ ನೆನಪಿರುತ್ತೆ, ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಬಂದಿದ್ದು ದೊಡ್ಡ ಸುದ್ದಿ ಆಗಿತ್ತು, ತಾಜಾ ತರಕಾರಿಗೆ ಟ್ಯಾಕ್ಸೇ ಇಲ್ಲ. ಆಮೇಲೆ ಸರ್ಕಾರ ಸಮಾಧಾನ ಮಾಡ್ತು, ಆದ್ರೆ ಅದರಿಂದ ಪ್ಲಾನ್‌ಗೆ ತಗೋಬೇಕಾದ್ದು ಇಷ್ಟು: ಕ್ಯೂಆರ್ ಕೋಡ್‌ಗೆ ಬರೋ ದುಡ್ಡೆಲ್ಲ ಹೊರಗಿನಿಂದ ನೋಡೋರಿಗೆ ವ್ಯಾಪಾರದ ದುಡ್ಡಾಗೇ ಕಾಣುತ್ತೆ. ತಮ್ಮ ಕಳಿಸಿದ ಸಾಲ, ಚೀಟಿ ದುಡ್ಡು, ಮನೆ ಖರ್ಚಿಗೆ ಯಜಮಾನರು ಹಾಕಿದ್ದು ಎಲ್ಲಾ ಒಂದೇ ಅಕೌಂಟ್‌ನಲ್ಲಿ ಇದ್ರೆ ಬೇರೆ ಮಾಡಿ ತೋರಿಸೋ ಜವಾಬ್ದಾರಿ ನಿಮ್ಮದೇ ಆಗುತ್ತೆ. ಬಿಸಿನೆಸ್ಸಿಗೆ ಬೇರೆ ಕರೆಂಟ್ ಅಕೌಂಟ್, ಬೇರೆ ಕ್ಯೂಆರ್, ಜೊತೆಗೆ ಹಪ್ಪಳದ ಬಿಲ್ ಬೇರೆ ಪುಡಿ ಬಿಲ್ ಬೇರೆ ಗೊತ್ತಾಗೋ ಹಂಗೆ ಪುಸ್ತಕ, ಇದು ಯಾವ ಕಚೇರಿನೂ ಕೊಡೋ ಲೈಸೆನ್ಸ್ ಅಲ್ಲ, ಆದ್ರೂ ಪ್ಲಾನ್‌ನಲ್ಲಿ ಮೊದಲ ಸಾಲಲ್ಲೇ ಇರಬೇಕು ಅಂತ ನನ್ನ ಅಭಿಪ್ರಾಯ.

ರಿಜಿಸ್ಟ್ರೇಷನ್ ತಗೊಳ್ಳೋದು ಅಂತ ಆದ್ರೆ ಕಾಂಪೋಸಿಷನ್ನಾ ರೆಗ್ಯುಲರ್ರಾ ಅನ್ನೋದು ಮುಂದಿನ ಪ್ರಶ್ನೆ. ಕಾಂಪೋಸಿಷನ್ ಅಂದ್ರೆ ವಹಿವಾಟು 1.5 ಕೋಟಿ ಒಳಗಿರೋ ತಯಾರಕರು, ವ್ಯಾಪಾರಿಗಳು ವಹಿವಾಟಿನ ಮೇಲೆ 1% ಕಟ್ಟಿ ಸುಮ್ಮನಾಗೋದು. ಇವರ ಲೆಕ್ಕದಲ್ಲಿ ತಿಂಗಳಿಗೆ 2,750 ರೂಪಾಯಿ. ಇದನ್ನ ಗಿರಾಕಿ ಹತ್ರ ಟ್ಯಾಕ್ಸ್ ಅಂತ ವಸೂಲಿ ಮಾಡೋ ಹಂಗಿಲ್ಲ, ಕೈಯಿಂದ ಕಟ್ಟಬೇಕು, ಟ್ಯಾಕ್ಸ್ ಇನ್‌ವಾಯ್ಸ್ ಬದಲು ಬಿಲ್ ಆಫ್ ಸಪ್ಲೈ ಅನ್ನೋ ಟ್ಯಾಕ್ಸ್ ತೋರಿಸದ ಬಿಲ್ ಕೊಡಬೇಕು, ತಾವು ಕೊಂಡ ಮಾಲಿನ ಮೇಲೆ ಕಟ್ಟಿದ ಟ್ಯಾಕ್ಸ್ ವಾಪಸ್ ಸಿಗಲ್ಲ, ಹೊರ ರಾಜ್ಯಕ್ಕೆ ಮಾರೋ ಹಂಗೂ ಇಲ್ಲ. ತಯಾರಕರಿಗೆ ಈ 1% ಹಪ್ಪಳದ ವಹಿವಾಟಿನ ಮೇಲೂ ಬೀಳುತ್ತೆ ಅನ್ನೋದು ಗೊತ್ತಿರಲಿ. ಸಣ್ಣ ಪ್ರಮಾಣದ ಕೂಲಿ ಸೇವೆ ಜೊತೆಗಿದ್ರೆ ಪರವಾಗಿಲ್ಲ, ಅದಕ್ಕೆ ಅವಕಾಶ ಇದೆ.

ರೆಗ್ಯುಲರ್ ಆದ್ರೆ ಸಾಂಬಾರ್ ಪುಡಿಗೆ 5%. ಇಲ್ಲಿ ತುಂಬಾ ಜನ ಎಡವೋದು ಎಂಆರ್‌ಪಿ ವಿಷಯದಲ್ಲಿ. ಪ್ಯಾಕೆಟ್ ಮೇಲಿನ ಎಂಆರ್‌ಪಿ ಅಂದ್ರೆ ಎಲ್ಲಾ ತೆರಿಗೆ ಸೇರಿದ ಬೆಲೆ. 100 ರೂಪಾಯಿ ಪ್ಯಾಕೆಟ್‌ನಲ್ಲಿ ನಿಮ್ಮದು 95 ರೂಪಾಯಿ 24 ಪೈಸೆ, ಟ್ಯಾಕ್ಸ್ 4 ರೂಪಾಯಿ 76 ಪೈಸೆ. ರಿಜಿಸ್ಟ್ರೇಷನ್ ಇಲ್ಲದೇ ಇದ್ದಾಗ ಪೂರ್ತಿ 100 ನಿಮ್ಮದಾಗಿತ್ತು, ರಿಜಿಸ್ಟರ್ ಆದ ತಿಂಗಳಿಂದ ಬೆಲೆ ಏರಿಸದೇ ಇದ್ರೆ ಅಷ್ಟು ಮಾರ್ಜಿನ್ ಹೋಯ್ತು. 2 ಲಕ್ಷದ ಪುಡಿ ಮಾರಾಟದಲ್ಲಿ ಅದು ತಿಂಗಳಿಗೆ ಸುಮಾರು 9,500 ರೂಪಾಯಿ. ಅದರಲ್ಲಿ ಮೆಣಸಿನಕಾಯಿ, ಧನಿಯಾ, ಪೌಚ್, ಮಿಷಿನ್ ಕೊಂಡಾಗ ಕಟ್ಟಿದ ಟ್ಯಾಕ್ಸ್ ಕಳೀಬಹುದು, ಆದ್ರೆ ಬಿಲ್ ಇದ್ರೆ ಮಾತ್ರ, ಅದೂ ಬಿಲ್ ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ್ರೆ ಮಾತ್ರ. ಕಚ್ಚಾ ಬಿಲ್ಲಿಗೆ ಮಾಲು ತಂದಿದ್ರೆ ಕಳೆಯೋಕೆ ಏನೂ ಇರಲ್ಲ. ಹಪ್ಪಳಕ್ಕೆ ಬಳಸಿದ ಪೌಚ್ ಮೇಲಿನ ಟ್ಯಾಕ್ಸ್ ಅಂತೂ ಕಳೆಯೋ ಹಂಗಿಲ್ಲ, ಹಪ್ಪಳಕ್ಕೆ ಟ್ಯಾಕ್ಸ್ ಇಲ್ಲವಲ್ಲ.

ರೆಗ್ಯುಲರ್‌ನಲ್ಲಿ ಬಾಡಿಗೆನೂ ಒಂದು ಖರ್ಚು ತರುತ್ತೆ. ಶೆಡ್ ಓನರ್‌ಗೆ ಜಿಎಸ್‌ಟಿ ಇಲ್ಲ ಅಂತ ಇಟ್ಕೊಳ್ಳಿ, ಅಕ್ಟೋಬರ್ 10, 2024ರಿಂದ ಬಂದ ನಿಯಮದ ಪ್ರಕಾರ ಆ ಬಾಡಿಗೆ ಮೇಲಿನ 18% ಬಾಡಿಗೆದಾರರೇ ಕಟ್ಟಬೇಕು. 15 ಸಾವಿರಕ್ಕೆ 2,700, ಮೊದಲು ಕ್ಯಾಶ್ ಆಗಿ ಕಟ್ಟಿ ಆಮೇಲೆ ಕ್ರೆಡಿಟ್ ತಗೋಬೇಕು, ಅಂದ್ರೆ ಮಾರಾಟದ ಟ್ಯಾಕ್ಸ್‌ನಲ್ಲಿ ಕಳ್ಕೋಬೇಕು. ಕಾಂಪೋಸಿಷನ್‌ನವರಿಗೆ ಇದನ್ನ 2025ರ ಜನವರಿಯಲ್ಲಿ ತೆಗೆದುಹಾಕಿದ್ರು. ಹಾಗಾಗಿ ಗಿರಾಕಿಗಳು ಮನೆ ಮಂದಿ, ಬೀದಿ ಅಂಗಡಿಯವರು, ಎಲ್ಲಾ ಕರ್ನಾಟಕದ ಒಳಗೆ ಅಂದ್ರೆ ನನ್ನ ಪ್ರಕಾರ ಕಾಂಪೋಸಿಷನ್ನೇ ಸರಿ. ದೊಡ್ಡ ಸೂಪರ್‌ಮಾರ್ಕೆಟ್, ಹೋಲ್‌ಸೇಲ್‌ನವರಿಗೆ ಕೊಡೋ ಪ್ಲಾನ್ ಇದ್ರೆ ರೆಗ್ಯುಲರ್, ಯಾಕಂದ್ರೆ ಅವರಿಗೆ ಟ್ಯಾಕ್ಸ್ ಇನ್‌ವಾಯ್ಸ್ ಬೇಕು, ಇಲ್ಲಾಂದ್ರೆ ಅವರು ಮಾಲೇ ತಗೊಳ್ಳಲ್ಲ.

ಈಗ ಫೈಲಿಂಗ್ ಕಥೆ. ಕಾಂಪೋಸಿಷನ್‌ಗೆ ಮೂರು ತಿಂಗಳಿಗೊಂದು ಸಲ ಸಿಎಂಪಿ-08, ಅಂದ್ರೆ ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್ 18ರೊಳಗೆ ಟ್ಯಾಕ್ಸ್ ಕಟ್ಟೋದು, ವರ್ಷಕ್ಕೊಂದು ಜಿಎಸ್‌ಟಿಆರ್-4, ಅದು ಜೂನ್ 30ಕ್ಕೆ. ರೆಗ್ಯುಲರ್‌ಗೆ ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್-1 ಮತ್ತೆ ಟ್ಯಾಕ್ಸ್ ಕಟ್ಟೋ 3ಬಿ ಅಂತ ಎರಡು ರಿಟರ್ನ್, ತಿಂಗಳಿಗೊಮ್ಮೆ 11ಕ್ಕೆ ಮತ್ತೆ 20ಕ್ಕೆ. 5 ಕೋಟಿ ಒಳಗಿನವರು ಮೂರು ತಿಂಗಳ ರಿಟರ್ನ್ ಆಯ್ಕೆ ಮಾಡ್ಕೋಬಹುದು, ಆದ್ರೆ ಟ್ಯಾಕ್ಸ್ ದುಡ್ಡು ಮಾತ್ರ ಮಧ್ಯದ ಎರಡು ತಿಂಗಳೂ ಮುಂದಿನ ತಿಂಗಳ 25ಕ್ಕೆ ಕಟ್ಟಬೇಕು. ಪ್ಲಾನ್‌ನಲ್ಲಿ ಆಡಿಟರ್ ಫೀಸ್ ಅಂತ ಸುಮ್ನೆ ಒಂದು ಮೊತ್ತ ಹಾಕೋ ಬದಲು ವರ್ಷಕ್ಕೆ ಎಷ್ಟು ರಿಟರ್ನ್ ಅಂತ ಎಣಿಸಿ ಅದಕ್ಕೆ ಎಷ್ಟು ತಗೊಳ್ತಾರೆ ಅಂತ ಕೇಳಿ ಹಾಕಿ, ಕಾಂಪೋಸಿಷನ್‌ಗೆ 5, ತಿಂಗಳ ರೆಗ್ಯುಲರ್‌ಗೆ 24, ವ್ಯತ್ಯಾಸ ಅಲ್ಲೇ ಕಾಣುತ್ತೆ.

ಇಲ್ಲಿ ಒಂದು ಮಾತು ಒತ್ತಿ ಹೇಳ್ತೀನಿ. "ಇರಲಿ ಬಿಡಿ, ಮುಂದೆ ಬೇಕಾಗುತ್ತೆ" ಅಂತ ಬೇಡದೇ ಇದ್ದಾಗಲೂ ಮೊದಲೇ ಜಿಎಸ್‌ಟಿ ನಂಬರ್ ತಗೊಂಡು ಇಟ್ಟುಕೊಳ್ಳೋರು ಇದ್ದಾರೆ. ನಂಬರ್ ಬಂದ ದಿನದಿಂದ ವ್ಯಾಪಾರ ಸೊನ್ನೆ ಇದ್ರೂ ರಿಟರ್ನ್ ಹಾಕಬೇಕು. ನಿಲ್ ರಿಟರ್ನ್ ಲೇಟ್ ಆದ್ರೆ ದಿನಕ್ಕೆ 20 ರೂಪಾಯಿ, ಒಂದು ರಿಟರ್ನ್‌ಗೆ 500ರವರೆಗೆ. ಸಣ್ಣದು ಅನ್ಸುತ್ತೆ, ಆದ್ರೆ ತಿಂಗಳ ರೆಗ್ಯುಲರ್‌ನಲ್ಲಿ ಒಂದು ವರ್ಷ ಮರೆತ್ರೆ 24 ರಿಟರ್ನ್‌ಗೆ 12 ಸಾವಿರ ಬರೀ ಲೇಟ್ ಫೀಸ್, ಒಂದು ಪ್ಯಾಕೆಟ್ಟೂ ಮಾರದೇ. ಹಿಂದಿನದು ಹಾಕದೇ ಮುಂದಿನದು ಹಾಕೋಕೆ ಪೋರ್ಟಲ್ ಬಿಡಲ್ಲ, ಆರು ತಿಂಗಳು ಹಾಕದೇ ಇದ್ರೆ ಇಲಾಖೆಯವರು ನಂಬರ್ರೇ ಕ್ಯಾನ್ಸಲ್ ಮಾಡೋಕೆ ಹೊರಡಬಹುದು. ಹೊಸಬರು ಮರೆಯೋ ಇನ್ನೊಂದು, ನಂಬರ್ ಬಂದ 30 ದಿನದೊಳಗೆ ಅಥವಾ ಮೊದಲ ಜಿಎಸ್‌ಟಿಆರ್-1 ಹಾಕೋ ಮುಂಚೆ, ಯಾವುದು ಮೊದಲೋ ಆವಾಗ ಬ್ಯಾಂಕ್ ಅಕೌಂಟ್ ವಿವರ ಪೋರ್ಟಲ್‌ಗೆ ಸೇರಿಸಬೇಕು, ಇಲ್ಲಾಂದ್ರೆ ಸಸ್ಪೆಂಡ್ ಆಗುತ್ತೆ.

ಜಿಎಸ್‌ಟಿ ಕಾಯಬಹುದು, ಆದ್ರೆ ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐ ಅನುಮತಿ ಕಾಯೋ ಹಂಗಿಲ್ಲ, ತಿನ್ನೋ ಪದಾರ್ಥದ ಮೊದಲ ಪ್ಯಾಕೆಟ್ ಮಾರೋ ಮುಂಚೆನೇ ಬೇಕು. ಅರ್ಜಿ foscos.fssai.gov.in ಪೋರ್ಟಲ್‌ನಲ್ಲಿ. ತೀರಾ ಸಣ್ಣವರಿಗೆ ರಿಜಿಸ್ಟ್ರೇಷನ್, ಅದಕ್ಕಿಂತ ದೊಡ್ಡವರಿಗೆ ಸ್ಟೇಟ್ ಲೈಸೆನ್ಸ್, ಇನ್ನೂ ದೊಡ್ಡವರಿಗೆ ಸೆಂಟ್ರಲ್ ಲೈಸೆನ್ಸ್. 2011ರ ನಿಯಮ ಬಂದಾಗ ರಿಜಿಸ್ಟ್ರೇಷನ್ ಗೆರೆ ವರ್ಷಕ್ಕೆ 12 ಲಕ್ಷದ ವಹಿವಾಟು ಅಂತ ಇಟ್ಟಿದ್ರು, ಇಂಥ ಗೆರೆಗಳನ್ನ ಸರ್ಕಾರ ತಿದ್ದೋದು ಇದ್ದೇ ಇರುತ್ತೆ, ಪ್ಲಾನ್ ಬರೆಯೋ ದಿನ ಪೋರ್ಟಲ್‌ನಲ್ಲೇ ಇವತ್ತಿನ ಗೆರೆ ನೋಡಿ ಆ ತಾರೀಖಿನ ಜೊತೆ ಬರ್ಕೊಳ್ಳಿ. ಇದು ಯಾಕೆ ಮುಖ್ಯ ಅಂದ್ರೆ ಎರಡಕ್ಕೂ ಆಮೇಲಿನ ಕೆಲಸ ಬೇರೆ ಬೇರೆ. ಲೈಸೆನ್ಸ್ ಇರೋ ತಯಾರಕರು ವರ್ಷಕ್ಕೊಮ್ಮೆ ಮೇ 31ರೊಳಗೆ ಡಿ-1 ರಿಟರ್ನ್ ಹಾಕಬೇಕು, ತಪ್ಪಿದ್ರೆ ದಿನಕ್ಕೆ 100 ರೂಪಾಯಿ, ಆರು ತಿಂಗಳಿಗೊಮ್ಮೆ ಮಾಲನ್ನ ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಬೇಕು. ಲ್ಯಾಬ್ ಟೆಸ್ಟ್ ಖರ್ಚು ಪ್ಲಾನ್‌ನಲ್ಲಿ ಯಾರೂ ಹಾಕಿರಲ್ಲ, ಸಾಂಬಾರ್ ಪುಡಿ, ರಸಂ ಪುಡಿ ಎರಡಕ್ಕೂ ಬೇರೆ ಬೇರೆ ಟೆಸ್ಟ್ ಅಂದ್ರೆ ಖರ್ಚೂ ಎರಡು.

ಅರ್ಜಿ ಹಾಕೋವಾಗ ಯಾವ ಥರದ ಬಿಸಿನೆಸ್ ಅಂತ ಟಿಕ್ ಮಾಡೋ ಜಾಗ ಇದೆ, ಇಲ್ಲಿ ನಮ್ಮ ಅಕ್ಕ ಎಚ್ಚರ ಇರಬೇಕು. ಪುಡಿ ಅವರೇ ಮಾಡೋದು, ಅದು ತಯಾರಿಕೆ. ಹಪ್ಪಳ ಅವರು ಮಾಡಲ್ಲ, ಬೇರೆಯವರು ಮಾಡಿದ್ದನ್ನ ಪ್ಯಾಕ್ ಮಾಡೋದು, ಅದು ರೀಪ್ಯಾಕಿಂಗ್. ಎರಡೂ ಟಿಕ್ ಇರಬೇಕು, ಬರೀ ತಯಾರಿಕೆ ಅಂತ ತಗೊಂಡು ಹಪ್ಪಳ ಪ್ಯಾಕ್ ಮಾಡಿದ್ರೆ ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕಿಹಾಕಿಕೊಳ್ತಾರೆ. ಹಪ್ಪಳದ ಲೇಬಲ್ ಮೇಲೂ ತಯಾರಕರು ಇವರು ಅಂತ ಹಾಕೋ ಹಂಗಿಲ್ಲ. ಮತ್ತೆ ಮನೆಯಲ್ಲಿ ಹಪ್ಪಳ ಮಾಡಿಕೊಡೋ ಆ ಹೆಂಗಸರಿಗೂ ಅವರವರ ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಷನ್ ಬೇಕು, ಅದರ ಫೀಸ್ ತುಂಬಾ ಕಡಿಮೆ, ಕಷ್ಟ ಏನಂದ್ರೆ ಅದನ್ನ ಮಾಡಿಸಿಕೊಡೋರು ಯಾರು ಅನ್ನೋದು. ಆ ಕೆಲಸ ತಾನೇ ಮಾಡಿಸ್ತೀನಿ ಅಂತ ಪ್ಲಾನ್‌ನಲ್ಲಿ ಬರೆದು ಅದರ ಖರ್ಚೂ ಹಾಕಿಕೊಂಡ್ರೆ ಒಳ್ಳೇದು.

ಎಫ್‌ಎಸ್‌ಎಸ್‌ಎಐ ನಂಬರ್ 14 ಅಂಕಿ ಇರುತ್ತೆ, ಲೈಸೆನ್ಸ್ ಆದ್ರೆ 1ರಿಂದ ಶುರು, ರಿಜಿಸ್ಟ್ರೇಷನ್ ಆದ್ರೆ 2ರಿಂದ. ಇದು ಪ್ಯಾಕೆಟ್ ಮೇಲೆ ಪ್ರಿಂಟ್ ಆಗಬೇಕು. ಹಾಗಾಗಿ ಪೌಚ್ ಪ್ರಿಂಟಿಂಗ್ ಆರ್ಡರ್ ಕೊಡೋದು ನಂಬರ್ ಬಂದ ಮೇಲೇ. ಪ್ರಿಂಟರ್‌ನವರು ಹತ್ತು ಸಾವಿರ ಪೀಸ್ ಆದ್ರೆ ರೇಟ್ ಕಡಿಮೆ ಅಂತಾರೆ, ಆಸೆ ಆಗುತ್ತೆ, ಆದ್ರೆ ರಿಜಿಸ್ಟ್ರೇಷನ್‌ನಿಂದ ಲೈಸೆನ್ಸ್‌ಗೆ ಹೋದ್ರೆ ನಂಬರ್ ಬದಲಾಗುತ್ತೆ, ಶೆಡ್ ಬದಲಾದ್ರೆ ಅಡ್ರೆಸ್ ಬದಲಾಗುತ್ತೆ, ಆವಾಗ ಉಳಿದ ಪೌಚ್ ಎಲ್ಲಾ ವೇಸ್ಟ್. ಮೊದಲ ವರ್ಷ ಪ್ಲೇನ್ ಪೌಚ್ ಮೇಲೆ ಸ್ಟಿಕ್ಕರ್ ಹಾಕೋದೇ ವಾಸಿ.

ಲೇಬಲ್ ಅಂದ ಮೇಲೆ ಇನ್ನೊಂದು ಇಲಾಖೆ ಬರುತ್ತೆ, ಅದನ್ನ ಜನ ಲೆಕ್ಕಕ್ಕೇ ತಗೊಂಡಿರಲ್ಲ, ಕಾನೂನು ಮಾಪನಶಾಸ್ತ್ರ ಇಲಾಖೆ. ಪ್ಯಾಕ್ ಮಾಡಿ ಮಾರೋ ಎಲ್ಲರೂ ಪ್ಯಾಕರ್ ಆಗಿ ರಿಜಿಸ್ಟರ್ ಆಗಬೇಕು, ಪ್ಯಾಕಿಂಗ್ ಶುರು ಮಾಡಿದ 90 ದಿನದೊಳಗೆ ಅರ್ಜಿ, ಫೀಸ್ 500 ರೂಪಾಯಿ. ಪ್ಯಾಕೆಟ್ ಮೇಲೆ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ವರ್ಷ, ಎಂಆರ್‌ಪಿ, ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಬೀಳುತ್ತೆ ಅನ್ನೋ ಬೆಲೆ, ದೂರು ಕೊಡೋಕೆ ಫೋನ್ ನಂಬರ್ ಇಮೇಲ್ ಇರಬೇಕು. ತಕ್ಕಡಿಗೂ ಇಲಾಖೆಯ ಸ್ಟ್ಯಾಂಪಿಂಗ್ ಆಗಿರಬೇಕು, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ. ಹೊಸ ತಕ್ಕಡಿ ಕೊಂಡಾಗ ಸ್ಟ್ಯಾಂಪ್ ಸರ್ಟಿಫಿಕೇಟ್ ಜೊತೆ ಬಂದಿದೆಯಾ ಅಂತ ಅಂಗಡಿಯಲ್ಲೇ ಕೇಳಿ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗೋ ಅಡುಗೆಮನೆ ತಕ್ಕಡಿ ವ್ಯಾಪಾರಕ್ಕೆ ನಡೆಯಲ್ಲ.

ಊರಿನ ಮಟ್ಟದಲ್ಲಿ ಉದ್ದಿಮೆ ಪರವಾನಗಿ, ನಾವು ಟ್ರೇಡ್ ಲೈಸೆನ್ಸ್ ಅನ್ನೋದು, ತುಮಕೂರು ಅಂದ್ರೆ ಮಹಾನಗರ ಪಾಲಿಕೆಯಿಂದ, ಹಳ್ಳಿಯಲ್ಲಾದ್ರೆ ಗ್ರಾಮ ಪಂಚಾಯ್ತಿಯಿಂದ. ಇದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷಕ್ಕೆ ನಡೆಯೋದು, ಜನವರಿಯಲ್ಲಿ ತಗೊಂಡ್ರೂ ಮಾರ್ಚ್‌ಗೇ ಮುಗಿಯಬಹುದು, ಆದ್ದರಿಂದ ಶುರು ಮಾಡೋ ತಿಂಗಳು ನೋಡಿಕೊಂಡು ಫೀಸ್ ಲೆಕ್ಕ ಹಾಕಿ. ಶೆಡ್ ಹಿಡಿಯೋ ಮುಂಚೆನೇ ಪಾಲಿಕೆಯಲ್ಲಿ ಒಂದು ಪ್ರಶ್ನೆ ಕೇಳ್ಬೇಕು, ಈ ಜಾಗದಲ್ಲಿ ಗ್ರೈಂಡರ್ ಇಟ್ಟು ತಯಾರಿಕೆ ಮಾಡೋಕೆ ಪರವಾನಗಿ ಕೊಡ್ತೀರಾ ಅಂತ. ಪೂರ್ತಿ ವಸತಿ ಬೀದಿಯಲ್ಲಿ ಮೆಣಸಿನಪುಡಿ ಘಾಟು, ಮಿಷಿನ್ ಸದ್ದು ಅಂತ ಪಕ್ಕದವರು ದೂರು ಕೊಟ್ರೆ ಅಲ್ಲಿಗೆ ನಿಂತುಹೋಗುತ್ತೆ. ಕರೆಂಟ್ ಕನೆಕ್ಷನ್ನೂ ಮನೆದು ಇದ್ರೆ ಬದಲಾಯಿಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ನಿಮ್ಮ ಗ್ರೈಂಡಿಂಗ್ ಕೆಲಸ ಯಾವ ಬಣ್ಣದ ವರ್ಗಕ್ಕೆ ಬರುತ್ತೆ ಅಂತನೂ ನೋಡಿಸಿ, ಮೋಟಾರ್ ಎಷ್ಟು ಎಚ್‌ಪಿ ಅನ್ನೋದೂ ಅಲ್ಲಿ ಲೆಕ್ಕಕ್ಕೆ ಬರುತ್ತೆ.

ಅಡ್ರೆಸ್ ವಿಷಯ ಇಲ್ಲೇ ಹೇಳಿಬಿಡ್ತೀನಿ, ಇಷ್ಟೂ ಅರ್ಜಿಗಳ ಬುಡ ಅದೇ. ಬಾಡಿಗೆ ಅಗ್ರಿಮೆಂಟ್, ಕರೆಂಟ್ ಬಿಲ್, ಓನರ್ ಕೊಡೋ ಒಪ್ಪಿಗೆ ಪತ್ರ, ಮೂರರಲ್ಲೂ ಡೋರ್ ನಂಬರ್, ಬೀದಿ ಹೆಸರು ಒಂದೇ ಥರ ಇರಬೇಕು. ಒಂದರಲ್ಲಿ ಹಳೇ ಖಾತಾ ನಂಬರ್, ಇನ್ನೊಂದರಲ್ಲಿ ಹೊಸ ನಂಬರ್ ಅಂದ್ರೆ ಅರ್ಜಿ ವಾಪಸ್ ಬರುತ್ತೆ, ವಿವರಣೆ ಕೊಡಿ ಅಂತಾರೆ, ಅಲ್ಲಿಗೆ ವಾರಗಳು ಹೋಗುತ್ತೆ. ಹಾಗಾಗಿ ಪ್ಲಾನ್‌ನಲ್ಲಿ ಆರ್ಡರ್ ಹೀಗೆ ಬರಬೇಕು: ಮೊದಲು ಅಗ್ರಿಮೆಂಟ್ ಮತ್ತೆ ದಾಖಲೆ ಸರಿ ಮಾಡಿಸೋದು, ಆಮೇಲೆ ಸಣ್ಣ ಉದ್ದಿಮೆಗಳಿಗೆ ಇರೋ ಉದ್ಯಮ್ ರಿಜಿಸ್ಟ್ರೇಷನ್ ಮತ್ತೆ ಕರೆಂಟ್ ಅಕೌಂಟ್, ಆಮೇಲೆ ಟ್ರೇಡ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ ಒಟ್ಟಿಗೆ, ನಂಬರ್ ಬಂದ ಮೇಲೆ ಲೇಬಲ್, ಲೇಬಲ್ ಆದ ಮೇಲೆ ಮೊದಲ ಮಾರಾಟ. ಈ ನಡುವೆ ಬಾಡಿಗೆ ಓಡ್ತಾ ಇರುತ್ತೆ ಅನ್ನೋದನ್ನ ಮರೀಬೇಡಿ, ಮಾರಾಟ ಇಲ್ಲದ ಎರಡು ತಿಂಗಳ ಬಾಡಿಗೆನ ಆರಂಭದ ಖರ್ಚಿಗೆ ಸೇರಿಸೋದು ನ್ಯಾಯವಾದ ಲೆಕ್ಕ.

ಉದ್ಯಮ್ ರಿಜಿಸ್ಟ್ರೇಷನ್ ಲೈಸೆನ್ಸ್ ಅಲ್ಲ, ಕಡ್ಡಾಯನೂ ಅಲ್ಲ, ಆದ್ರೆ ಸಾಲಕ್ಕೆ ಹೋದಾಗ ಬ್ಯಾಂಕ್‌ನವರು ಕೇಳ್ತಾರೆ, ಮಾಲು ತಗೊಂಡ ಕಂಪನಿ 45 ದಿನ ಆದ್ರೂ ದುಡ್ಡು ಕೊಡದೇ ಇದ್ರೆ ದೂರು ಕೊಡೋಕೂ ಅದು ಬೇಕು. udyamregistration.gov.in ಅಲ್ಲಿ ಪೂರ್ತಿ ಫ್ರೀ, ಆಧಾರ್, ಪ್ಯಾನ್ ಬೇಕು. ಅದೇ ಥರ ಕಾಣೋ ಸೈಟ್‌ಗಳು ಸಾವಿರ ಎರಡು ಸಾವಿರ ಕೇಳ್ತಾವೆ, ದುಡ್ಡು ಕೇಳಿದ್ರೆ ಅದು ಸರ್ಕಾರಿ ಸೈಟ್ ಅಲ್ಲ.

ಕೆಲಸದವರ ಕಡೆ ಇಬ್ಬರೇ ಇರೋದ್ರಿಂದ ಸದ್ಯ ಭಾರ ಕಡಿಮೆ. ಮಾರಾಟದ ಮಳಿಗೆ ತೆಗೆದ್ರೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಶುರು ಮಾಡಿದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ, ಅದು ಐದು ವರ್ಷಕ್ಕೆ. ಇಎಸ್‌ಐ 10 ಜನ ಆದಾಗ, ಪಿಎಫ್ 20 ಜನ ಆದಾಗ. ಪ್ಲಾನ್‌ನಲ್ಲಿ ಮೂರನೇ ವರ್ಷಕ್ಕೆ 12 ಜನ ಅಂತ ಬರೆದಿದ್ರೆ ಆ ವರ್ಷದ ಸಂಬಳ ಖರ್ಚಲ್ಲಿ ಇಎಸ್‌ಐ ಪಾಲೂ ಇರಬೇಕು. ವೃತ್ತಿ ತೆರಿಗೆ ಎರಡು ಥರ, ಮಾಲೀಕರದ್ದೇ ಬೇರೆ, ಕೆಲಸದವರ ಸಂಬಳದಿಂದ ಹಿಡಿದು ಕಟ್ಟೋದು ಬೇರೆ. ಸಂಬಳ 25 ಸಾವಿರಕ್ಕಿಂತ ಕಡಿಮೆ ಇರೋರಿಗೆ ಹಿಡಿಯೋದು ಇಲ್ಲ. ಮಾಲೀಕರದ್ದು ವರ್ಷಕ್ಕೆ 2,500 ಮೀರಲ್ಲ, ಏಪ್ರಿಲ್ 30ಕ್ಕೆ ಕಟ್ಟೋದು, ಜಿಎಸ್‌ಟಿ ನಂಬರ್ ಬಂದ್ರೆ ಇದನ್ನೂ ಜೊತೆಗೇ ನೋಡ್ಕೊಳ್ಳಿ.

ಇನ್‌ಕಮ್ ಟ್ಯಾಕ್ಸ್‌ಗೆ ಇವರಂಥವರಿಗೆ ಅಂದಾಜು ಲಾಭದ ಪದ್ಧತಿ ಇದೆ, ಬ್ಯಾಂಕ್, ಯುಪಿಐ ಮೂಲಕ ಬಂದ ವಹಿವಾಟಿನ 6%, ಕ್ಯಾಶ್‌ಗೆ 8% ಲಾಭ ಅಂತ ತೋರಿಸಬಹುದು, ನಿಜವಾಗಿ ಅದಕ್ಕಿಂತ ಜಾಸ್ತಿ ಲಾಭ ಇದ್ರೆ ಜಾಸ್ತಿನೇ ತೋರಿಸಬೇಕು. 33 ಲಕ್ಷ ಪೂರ್ತಿ ಯುಪಿಐ ಅಂದ್ರೆ 1 ಲಕ್ಷ 98 ಸಾವಿರ. ಆದ್ರೆ ಬ್ಯಾಂಕ್ ಸಾಲ ಬೇಕು ಅನ್ನೋರು ಇಲ್ಲೊಂದು ಯೋಚನೆ ಮಾಡಿ, ಪ್ಲಾನ್‌ನಲ್ಲಿ ವರ್ಷಕ್ಕೆ 6 ಲಕ್ಷ ಲಾಭ ಅಂತ ತೋರಿಸಿ ರಿಟರ್ನ್‌ನಲ್ಲಿ 2 ಲಕ್ಷ ತೋರಿಸಿದ್ರೆ ಮುಂದಿನ ಸಲ ಸಾಲ ಕೇಳೋಕೆ ಹೋದಾಗ ಮ್ಯಾನೇಜರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ. ಟ್ಯಾಕ್ಸ್ ಬರೋ ಹಂಗಿದ್ರೆ ಈ ಪದ್ಧತಿಯವರು ಅಡ್ವಾನ್ಸ್ ಟ್ಯಾಕ್ಸ್ ಒಂದೇ ಕಂತಲ್ಲಿ ಮಾರ್ಚ್ 15ರೊಳಗೆ ಕಟ್ಟಬೇಕು.

ಕೊನೇದಾಗಿ ನಿಲ್ಲಿಸೋ ದಾರಿನೂ ಪ್ಲಾನ್‌ನಲ್ಲಿ ಇರಲಿ. ವ್ಯಾಪಾರ ನಿಂತ್ರೆ, ಅಥವಾ ಕೂಲಿ ಕೆಲಸ ಬಿಟ್ಟು ಮತ್ತೆ ಮಿತಿ ಒಳಗೆ ಬಂದು ಜಿಎಸ್‌ಟಿ ಬೇಡ ಅನ್ಸಿದ್ರೆ ಪೋರ್ಟಲ್‌ನಲ್ಲಿ ಕ್ಯಾನ್ಸಲ್ ಅರ್ಜಿ ಹಾಕಬೇಕು, ಆ ದಿನದವರೆಗಿನ ಎಲ್ಲಾ ರಿಟರ್ನ್ ಮುಗಿಸಬೇಕು. ರೆಗ್ಯುಲರ್‌ನಲ್ಲಿದ್ರೆ ಉಳಿದ ಸ್ಟಾಕ್ ಮೇಲೆ ತಗೊಂಡಿದ್ದ ಕ್ರೆಡಿಟ್ ವಾಪಸ್ ಕಟ್ಟಿ, ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಜಿಎಸ್‌ಟಿಆರ್-10 ಹಾಕಬೇಕು. ಅಂಗಡಿ ಬಾಗಿಲು ಹಾಕಿದ್ರೆ ನಂಬರ್ ತಾನಾಗೇ ನಿಲ್ಲಲ್ಲ, ಬಾಗಿಲು ಹಾಕಿದ ಮೇಲೂ ನಿಲ್ ರಿಟರ್ನ್‌ನ ದಿನಕ್ಕೆ 20 ರೂಪಾಯಿ ಓಡ್ತಾನೇ ಇರುತ್ತೆ.